ಹಿಂದಿ ಕಾಲ ಬದಲಾವಣೆ ಅಭ್ಯಾಸ: ಭೂತಕಾಲದಲ್ಲಿ ಕ್ರಿಯಾಪದ ಯಾರನ್ನು ಅನುಸರಿಸುತ್ತೆ, ಭವಿಷ್ಯತ್ತಿನಲ್ಲಿ ಯಾರನ್ನು?

ಮಲೆನಾಡು ಟ್ಯೂಷನ್
ಎಲ್ಲರಿಗೂ ನಮಸ್ಕಾರ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಮೂರನೇ ಭಾಷೆ ಹಿಂದಿ ಹೇಳಿಕೊಡುತ್ತೇನೆ. ಭೂತಕಾಲದ ವಾಕ್ಯ ಕೊಟ್ಟು ಭವಿಷ್ಯತ್ ಕಾಲಕ್ಕೆ ಬದಲಿಸಿ ಅಂದರೆ ಬರುವ ಉತ್ತರ ಹೀಗಿರುತ್ತೆ:

ಸೀತಾ ನೇ ಆಮ್ ಖಾಯಾ → ಸೀತಾ ನೇ ಆಮ್ ಖಾಯೇಗಾ
ಲಡಕೇ ನೇ ರೋಟೀ ಖಾಯೀ → ಲಡಕೇ ರೋಟೀ ಖಾಯೇಗೀ
ಉನ್ಹೋಂನೇ ಚಿಟ್ಠಿಯಾಂ ಲಿಖೀಂ → ಉನ್ಹೋಂ ಚಿಟ್ಠಿಯಾಂ ಲಿಖೇಂಗೀ

ಆದರೆ "ರಾಮ್ ನೇ ಆಮ್ ಖಾಯಾ" ಕೊಟ್ಟರೆ ಇದೇ ಮಕ್ಕಳು "ರಾಮ್ ಆಮ್ ಖಾಯೇಗಾ" ಅಂತ ಸರಿಯಾಗಿಯೇ ಬರೆಯುತ್ತಾರೆ. ಲಿಂಗದ ಪಟ್ಟಿ ಬಾಯಿಪಾಠ ಮಾಡಿಸಿದ್ದಾಗಿದೆ. ಯಾವ ಥರದ ಅಭ್ಯಾಸ ಕೊಟ್ಟರೆ ಇದು ಸರಿಹೋಗುತ್ತೆ?

ಮೂರನೇ ಭಾಷೆ
ಲಿಂಗ ಬದಲಾವಣೆಗೆ ಮೊದಲು ಜೋಡಿಗಳನ್ನ ಗಟ್ಟಿ ಮಾಡಿಸಿ ಸರ್. ಬಾಲಕ್–ಬಾಲಿಕಾ, ಶೇರ್–ಶೇರನೀ, ನೌಕರ್–ನೌಕರಾನೀ, ಕವಿ–ಕವಯಿತ್ರೀ. ಪರೀಕ್ಷೆಯಲ್ಲಿ ಅಲ್ಲಿಂದಲೇ ಬರುತ್ತೆ, ಅಂಕ ಖಾತ್ರಿ.

ಹಿಂದಿ ಮೇಷ್ಟ್ರು
ಅವರು ಕೇಳಿರೋದು ಅದಲ್ಲ. ಶೇರ್–ಶೇರನೀ ಗೊತ್ತಿದ್ದರೂ ರೋಟೀ, ಆಮ್ ವಿಷಯದಲ್ಲಿ ಏನೂ ಸಹಾಯ ಆಗೋಲ್ಲ. ಅವೆರಡೂ ಗಂಡೂ ಅಲ್ಲ ಹೆಣ್ಣೂ ಅಲ್ಲ, ಆದರೂ ಹಿಂದಿಯಲ್ಲಿ ಒಂದು ಸ್ತ್ರೀಲಿಂಗ, ಒಂದು ಪುಲ್ಲಿಂಗ.

ಟ್ಯೂಷನ್ ಸರ್, ನೀವು ಕೊಟ್ಟ ಕೊನೆಯ ಮಾತಲ್ಲೇ ಉತ್ತರ ಇದೆ. "ರಾಮ್ ನೇ ಆಮ್ ಖಾಯಾ" ಅನ್ನೋ ವಾಕ್ಯದಲ್ಲಿ ರಾಮನೂ ಪುಲ್ಲಿಂಗ, ಆಮೂ ಪುಲ್ಲಿಂಗ. ಮಗು ಕ್ರಿಯಾಪದವನ್ನ ರಾಮನಿಗೆ ಹೊಂದಿಸಿತೋ, ಮಾವಿನಹಣ್ಣಿಗೆ ಹೊಂದಿಸಿತೋ ಅನ್ನೋದು ಆ ಉತ್ತರ ನೋಡಿ ಹೇಳೋಕೆ ಆಗೋದೇ ಇಲ್ಲ. ಯಾವುದಕ್ಕೆ ಹೊಂದಿಸಿದರೂ ಅಂಕ ಸಿಗುತ್ತೆ. "ಸೀತಾ ನೇ ರೋಟೀ ಖಾಯೀ" ಕೂಡ ಇದೇ ಜಾತಿ. ಅಭ್ಯಾಸಕ್ಕೆ ಇಂಥ ವಾಕ್ಯ ಬೇಡ. ಕರ್ತೃ ಒಂದು ಲಿಂಗ, ಕರ್ಮ ಇನ್ನೊಂದು ಲಿಂಗ ಇರಲೇಬೇಕು. ಆಗ ಮಾತ್ರ ತಪ್ಪು ಕಣ್ಣಿಗೆ ಬೀಳುತ್ತೆ.

ನಮ್ಮ ಮಕ್ಕಳಿಗೆ ಇದು ಯಾಕೆ ಕಷ್ಟ ಅಂದರೆ, ಕನ್ನಡದಲ್ಲಿ ಕ್ರಿಯಾಪದ ಯಾವ ಕಾಲದಲ್ಲೂ ಮಾಡಿದವರನ್ನ ಬಿಟ್ಟು ಹೋಗೋಲ್ಲ. ರಾಮ ರೊಟ್ಟಿ ತಿಂದ, ಸೀತೆ ರೊಟ್ಟಿ ತಿಂದಳು, ಸೀತೆ ರೊಟ್ಟಿ ತಿನ್ನುತ್ತಾಳೆ. ಹಿಂದಿಯ ಭವಿಷ್ಯತ್ ಕಾಲವೂ ಹಾಗೆಯೇ ಕರ್ತೃವನ್ನ ಅನುಸರಿಸುತ್ತೆ. ರಾಮ್ ರೋಟೀ ಖಾಯೇಗಾ, ಸೀತಾ ರೋಟೀ ಖಾಯೇಗೀ. ಭೂತಕಾಲದಲ್ಲಿ ಕರ್ತೃವಿನ ಮುಂದೆ "ನೇ" ಬಂದ ತಕ್ಷಣ ಕ್ರಿಯಾಪದ ಅವನನ್ನ ಬಿಟ್ಟು ಕರ್ಮದ ಕಡೆ ತಿರುಗುತ್ತೆ. ರಾಮ್ ನೇ ರೋಟೀ ಖಾಯೀ. ಸೀತಾ ನೇ ಆಮ್ ಖಾಯಾ. ಅಂದರೆ ಕಾಲ ಬದಲಿಸುವಾಗ ಕ್ರಿಯಾಪದದ ಕೊನೆ ಅಕ್ಷರ ಬದಲಿಸಿದರೆ ಸಾಲದು, ಅದು ಯಾರ ಮಾತು ಕೇಳಬೇಕು ಅನ್ನೋದೇ ಬದಲಾಗುತ್ತೆ. ನಿಮ್ಮ ಮಕ್ಕಳು ಭೂತಕಾಲದ "ಆ", "ಈ"ಯನ್ನೇ ಭವಿಷ್ಯತ್ತಿಗೂ ಹೊತ್ತು ತಂದಿದ್ದಾರೆ.

ನಿಮ್ಮ ಎರಡನೇ ವಾಕ್ಯವನ್ನ ಹಂತ ಹಂತವಾಗಿ ಮಾಡಿಸಿ ನೋಡಿ. "ಲಡಕೇ ನೇ ರೋಟೀ ಖಾಯೀ." ಮೊದಲು "ನೇ" ತೆಗೀಬೇಕು, ಭವಿಷ್ಯತ್ತಿನಲ್ಲಿ ಅದಕ್ಕೆ ಜಾಗ ಇಲ್ಲ. ತೆಗೆದ ಮೇಲೆ ಹೆಚ್ಚಿನವರು ಮರೆಯೋದು ಒಂದಿದೆ. "ನೇ" ಇದ್ದದ್ದಕ್ಕೇ ಲಡಕಾ ಅನ್ನೋದು ಲಡಕೇ ಆಗಿತ್ತು. "ನೇ" ಹೋದ ಮೇಲೆ ಅದು ಮತ್ತೆ ಲಡಕಾ ಆಗಬೇಕು. ಹಾಗೇ ಬಿಟ್ಟರೆ "ಹುಡುಗರು" ಅನ್ನೋ ಅರ್ಥ ಬಂದುಬಿಡುತ್ತೆ. ಈಗ ಲಡಕಾ ಪುಲ್ಲಿಂಗ, ಏಕವಚನ, ಆದ್ದರಿಂದ ಖಾಯೇಗಾ. ಉತ್ತರ: ಲಡಕಾ ರೋಟೀ ಖಾಯೇಗಾ. ರೋಟೀ ಸ್ತ್ರೀಲಿಂಗ ಅನ್ನೋದನ್ನ ಇಲ್ಲಿ ಯೋಚಿಸೋ ಅಗತ್ಯವೇ ಇಲ್ಲ.

ಮೂರನೆಯದರಲ್ಲೂ ಇದೇ ಕಥೆ. "ನೇ" ತೆಗೆದರೆ ಉಳಿಯೋದು "ಉನ್ಹೋಂ" ಅಲ್ಲ, "ವೇ". ಉಸನೇ ಇದ್ದರೆ ವಹ್, ಕಿಸನೇ ಇದ್ದರೆ ಕೌನ್.

ಪುಣೆ ಕನ್ನಡಿಗ
ಇಷ್ಟೆಲ್ಲ ಬೇಡ. ಭೂತಕಾಲ ಅಂದ್ರೆ ನೇ, ನೇ ಇದ್ರೆ ಕರ್ಮ ನೋಡು. ಭವಿಷ್ಯ ಅಂದ್ರೆ ಕರ್ತೃ ನೋಡು. ಎರಡೇ ಸಾಲು. ಇದನ್ನ ಬೋರ್ಡ್ ಮೇಲೆ ಬರೆದು ಬಿಟ್ರೆ ಮಕ್ಕಳಿಗೆ ಸಾಕು.

ಹಿಂದಿ ಮೇಷ್ಟ್ರು
ಅರ್ಧ ಸರಿ ಸರ್. ಎರಡನೇ ಸಾಲು ಬಹುಪಾಲು ನಿಲ್ಲುತ್ತೆ. ಮೊದಲನೇದು ಮಕ್ಕಳ ಕೈಗೆ ಹೋದರೆ "ಸೀತಾ ನೇ ಗಯೀ", "ರಾಮ್ ನೇ ಸೋಯಾ" ಅಂತ ಬರೆದು ಕೊಡ್ತಾರೆ. ಜಾನಾ, ಆನಾ, ಸೋನಾ ಇವಕ್ಕೆ ಕರ್ಮ ಇಲ್ಲ, "ನೇ" ಬರೋಲ್ಲ, ಕ್ರಿಯಾಪದ ಕರ್ತೃವಿನ ಜೊತೆಗೇ ಇರುತ್ತೆ. ಸೀತಾ ಗಯೀ, ಸೀತಾ ಜಾಯೇಗೀ.

ಕರ್ಮ ಇದ್ದರೂ "ನೇ" ಒಲ್ಲದ ಕ್ರಿಯಾಪದಗಳಿವೆ. ಲಾನಾ, ಭೂಲನಾ ಇವೆರಡು ಮುಖ್ಯ, ಬೋಲನಾ ಕೂಡ ಸಾಮಾನ್ಯವಾಗಿ ಅದೇ ಸಾಲಿಗೆ. "ಸೀತಾ ಆಮ್ ಲಾಯೀ" ಸರಿ. ಆಮ್ ಪುಲ್ಲಿಂಗವಾದರೂ ಇಲ್ಲಿ ಲಾಯೀ, ಯಾಕಂದರೆ ಕರ್ತೃ ಸೀತಾ. ಹಾಗೇ "ಚುಕನಾ" ಸೇರಿದರೂ ನೇ ಹೋಗುತ್ತೆ: ಸೀತಾ ಆಮ್ ಖಾ ಚುಕೀ. ಇನ್ನು "ಖಾತಾ ಥಾ", "ಖಾ ರಹೀ ಥೀ" ಇವೂ ಭೂತಕಾಲವೇ, ಇವುಗಳಲ್ಲಿ ನೇ ಇಲ್ಲವೇ ಇಲ್ಲ. ಕೆಲಸ ಮುಗಿದಿದ್ದನ್ನ ಹೇಳುವ ಖಾಯಾ, ಖಾಯಾ ಹೈ, ಖಾಯಾ ಥಾ ರೂಪಗಳಿಗೆ ಮಾತ್ರ ನೇ.

ಪುಣೆ ಕನ್ನಡಿಗ
ಲಾನಾ ಒಪ್ಪಿದೆ. ಆದರೆ ನೇ ಬಂದ ಮೇಲೆ ಕರ್ಮವನ್ನೇ ಅನುಸರಿಸೋದು ಅನ್ನೋದರಲ್ಲಿ ಎರಡು ಮಾತಿಲ್ಲ ಅಲ್ವಾ?

ಹಿಂದಿ ಮೇಷ್ಟ್ರು
ಅಲ್ಲೂ ಒಂದು ಅಡ್ಡಿ ಇದೆ. ಕರ್ಮಕ್ಕೆ "ಕೋ" ಅಂಟಿದರೆ ಕ್ರಿಯಾಪದ ಅದನ್ನೂ ಬಿಡುತ್ತೆ. "ಸೀತಾ ನೇ ಗೀತಾ ಕೋ ದೇಖಾ." ಇಬ್ಬರೂ ಹೆಣ್ಣುಮಕ್ಕಳು, ಆದರೂ ದೇಖಾ. ಒಂದು ಕಡೆ ನೇ, ಇನ್ನೊಂದು ಕಡೆ ಕೋ ಬಂದು ಇಬ್ಬರೂ ಕೈಗೆ ಸಿಗದೇ ಹೋದಾಗ ಕ್ರಿಯಾಪದ ಪುಲ್ಲಿಂಗ ಏಕವಚನದಲ್ಲಿ ನಿಂತುಬಿಡುತ್ತೆ. ಇದನ್ನ ಭವಿಷ್ಯತ್ತಿಗೆ ತಂದರೆ "ಸೀತಾ ಗೀತಾ ಕೋ ದೇಖೇಗೀ". ಕೋ ಹಾಗೇ ಇರುತ್ತೆ, ನೇ ಮಾತ್ರ ಹೋಗುತ್ತೆ. ಮಕ್ಕಳು ಎರಡನ್ನೂ ಒಟ್ಟಿಗೆ ಅಳಿಸಿಬಿಡ್ತಾರೆ, ಗಮನಿಸಿ.

ಕಲಬುರ್ಗಿ ಓದುಗ
ನಮ್ ಕಡಿ ಹಿಂದಿ ಬರ್ತದ ಅಂತ ಎಲ್ಲಾರೂ ತಿಳಕೊಂಡಾರ, ಪರೀಕ್ಷಾದಾಗ ನಮ್ಗೇ ಮಾರ್ಕ್ಸ್ ಹೋಗ್ತಾವ ನೋಡ್ರಿ. ಓಣ್ಯಾಗ ದಖನಿ ಮಾತಾಡ್ತೀವಿ, ಅಲ್ಲಿ "ಮೈಂ ರೋಟೀ ಖಾಯಾ" ಅಂದ್ರ ನಡೀತದ, ನೇ ಹಚ್ಚೂದೇ ಕಮ್ಮಿ. "ಲೋಗಾಂ", "ಬಾತಾಂ" ಅಂತೀವಿ. ಶಾಲಿ ಹಿಂದ್ಯಾಗ ಲೋಗ್, ಬಾತೇಂ. ದಖನಿ ಆಡೋ ಹುಡುಗ್ರಿಗೆ ಏನ್ ಮಾಡ್ಬೇಕ್ರಿ ಮೇಷ್ಟ್ರೇ?

ಹಿಂದಿ ಮೇಷ್ಟ್ರು
ದಖನಿ ತಪ್ಪು ಅಂತ ಹೇಳಬೇಡಿ, ಅದಕ್ಕೆ ಅದರದೇ ಕಟ್ಟಳೆ ಇದೆ. ಅದು ಮಾತಿಗೆ, ಇದು ಉತ್ತರಪತ್ರಿಕೆಗೆ ಅಂತ ಬೇರೆ ಮಾಡಿ ತೋರಿಸಿ. ಅಂಥ ಮಕ್ಕಳಿಗೆ ಕಾಲ ಬದಲಿಸುವ ಅಭ್ಯಾಸಕ್ಕಿಂತ ಮೊದಲು ಬೇರೊಂದು ಕೊಡಬಹುದು. ಅವರು ಆಡುವ ವಾಕ್ಯವನ್ನೇ ಬರೆಸಿ, ಪಕ್ಕದಲ್ಲಿ ಪುಸ್ತಕದ ರೂಪ ಬರೆಸಿ. "ಮೈಂ ರೋಟೀ ಖಾಯಾ" ಪಕ್ಕ "ಮೈಂನೇ ರೋಟೀ ಖಾಯೀ". ನೇ ಸೇರಿದ್ದು, ಯಾ ಹೋಗಿ ಯೀ ಆದದ್ದು, ಎರಡಕ್ಕೂ ಅಡಿಗೆರೆ ಹಾಕಿಸಿ. ಭವಿಷ್ಯತ್ತಿಗೆ ಬಂದರೆ "ಮೈಂ ರೋಟೀ ಖಾಊಂಗಾ"ದಲ್ಲಿ ನೇ ಗೊಡವೆಯೇ ಇಲ್ಲ.

ಅಮ್ಮನ ನೋಟ್ಸ್
ನನ್ನ ಮಗಳದ್ದು ಬೇರೆ ಸಮಸ್ಯೆ. "ಮೈಂನೇ ಪತ್ರ್ ಲಿಖಾ" ಅನ್ನೋದನ್ನ "ಮೈಂ ಪತ್ರ್ ಲಿಖೂಂಗೀ" ಅಂತ ಬದಲಿಸಿದ್ದಳು. ಉತ್ತರಪಟ್ಟಿಯಲ್ಲಿ "ಲಿಖೂಂಗಾ" ಇತ್ತು ಅಂತ ತಪ್ಪು ಹಾಕಿದ್ದಾರೆ. ಅವಳು ಹುಡುಗಿ, ಲಿಖೂಂಗೀ ಅಂದದ್ದು ಹೇಗೆ ತಪ್ಪಾಗುತ್ತೆ?

ಹಿಂದಿ ಮೇಷ್ಟ್ರು
ಮಗಳು ಬರೆದದ್ದು ಸರಿ ಅಕ್ಕ. "ಮೈಂನೇ ಪತ್ರ್ ಲಿಖಾ" ಅನ್ನೋದರಲ್ಲಿ ಲಿಖಾ ಪತ್ರದ ಲಿಂಗ ತೋರಿಸುತ್ತೆ, ಬರೆದವರದ್ದಲ್ಲ. ಮೈಂ ಹುಡುಗನೋ ಹುಡುಗಿಯೋ ಅನ್ನೋದು ಆ ವಾಕ್ಯದಿಂದ ತಿಳಿಯೋಲ್ಲ. ಭವಿಷ್ಯತ್ತಿಗೆ ತಂದಾಗ ಲಿಖೂಂಗಾ ಅಥವಾ ಲಿಖೂಂಗೀ ಯಾವುದಾದರೂ ಒಂದನ್ನ ಆರಿಸಲೇಬೇಕು, ಎರಡೂ ಸರಿ. ಟ್ಯೂಷನ್ ಸರ್ ಅವರ ಮೂರನೇ ವಾಕ್ಯದಲ್ಲೂ ಹೀಗೇ: ಉನ್ಹೋಂನೇ ಅಂದರೆ ಯಾರು ಅಂತ ಗೊತ್ತಿಲ್ಲ, ಆದ್ದರಿಂದ ವೇ ಲಿಖೇಂಗೇ, ವೇ ಲಿಖೇಂಗೀ ಎರಡಕ್ಕೂ ಅಂಕ ಕೊಡಬೇಕು. ಆ ಮಗುವಿನ "ಲಿಖೇಂಗೀ"ಗೆ ತಪ್ಪು ಹಾಕಬೇಡಿ. "ಉನ್ಹೋಂ" ಬರೆದದ್ದಕ್ಕೆ ಮಾತ್ರ ಹಾಕಿ.

ತಿರುಗಿಸಿ ಮಾಡಿಸಿದಾಗ ಹೆಣ್ಣುಮಕ್ಕಳು ಎಡವೋದು ಬೇರೆ ಕಡೆ. "ಮೈಂ ಪತ್ರ್ ಲಿಖೂಂಗೀ"ಯನ್ನ ಭೂತಕಾಲಕ್ಕೆ ತಂದು "ಮೈಂನೇ ಪತ್ರ್ ಲಿಖೀ" ಅಂತಾರೆ. ತಾನು ಹುಡುಗಿ ಅನ್ನೋದು ತಲೆಯಲ್ಲಿ ಕೂತಿರುತ್ತೆ. ಅಲ್ಲಿ ಲಿಖಾ ಅಂತಲೇ ಬರೀಬೇಕು.

ಮಲೆನಾಡು ಟ್ಯೂಷನ್
ಇದು ತಲೆಗೇ ಹೊಳೆದಿರಲಿಲ್ಲ. ಪಿತಾಜೀ, ಮಾತಾಜೀ ಬಂದಾಗ ಏನು ಮಾಡೋದು? "ಪಿತಾಜೀ ನೇ ಚಾಯ್ ಪಿಯೇ" ಅಂತ ಬರೆಯುವವರಿದ್ದಾರೆ, ಗೌರವಕ್ಕೆ ಬಹುವಚನ ಬೇಕಲ್ಲ ಅಂತ ಕೇಳ್ತಾರೆ.

ಹಿಂದಿ ಮೇಷ್ಟ್ರು
ಗೌರವ ತೋರಿಸೋಕೆ ಕ್ರಿಯಾಪದ ಪಿತಾಜೀಗೆ ಹೊಂದಬೇಕು. "ನೇ" ಇರುವಾಗ ಹೊಂದೋದೇ ಇಲ್ಲ. ಚಾಯ್ ಸ್ತ್ರೀಲಿಂಗ ಏಕವಚನ, ಹಾಗಾಗಿ "ಪಿತಾಜೀ ನೇ ಚಾಯ್ ಪೀ". ಅಲ್ಲಿ ಅಗೌರವ ಏನೂ ಇಲ್ಲ. ಭವಿಷ್ಯತ್ತಿನಲ್ಲಿ ಗೌರವ ಕಾಣಿಸಿಕೊಳ್ಳುತ್ತೆ: ಪಿತಾಜೀ ಚಾಯ್ ಪಿಯೇಂಗೇ, ಮಾತಾಜೀ ಚಾಯ್ ಪಿಯೇಂಗೀ.

ಕರಾವಳಿ ಕಾಗುಣಿತ
ಕರ್ಮದ ಲಿಂಗವೇ ಗೊತ್ತಿಲ್ಲದಿದ್ದರೆ ಭೂತಕಾಲದ ವಾಕ್ಯ ಹುಟ್ಟೋದೇ ಇಲ್ಲ, ಅದನ್ನೂ ಸ್ವಲ್ಪ ಹೇಳಬೇಕು. "ಆ ಕೊನೆಗೆ ಬಂದ್ರೆ ಪುಲ್ಲಿಂಗ, ಈ ಕೊನೆಗೆ ಬಂದ್ರೆ ಸ್ತ್ರೀಲಿಂಗ" ಅಂತ ಹೇಳಿಕೊಡುತ್ತಾರೆ. ಕಮರಾ, ಕುರ್ಸೀ ಅಲ್ಲಿಗೆ ಸರಿ. ಆದರೆ ದಿನಾ ಬಳಸುವ ಪಾನೀ, ಘೀ ಎರಡೂ ಪುಲ್ಲಿಂಗ. ಭಾಷಾ, ಹವಾ, ದವಾ ಸ್ತ್ರೀಲಿಂಗ.

ಕನ್ನಡದವರಿಗೆ ಇದಕ್ಕಿಂತ ದೊಡ್ಡ ತೊಡಕು ಸಂಸ್ಕೃತದಿಂದ ಎರಡೂ ಕಡೆ ಬಂದಿರುವ ಶಬ್ದಗಳು. ಅರ್ಥ ಗೊತ್ತಿರುತ್ತೆ, ಅದೇ ಧೈರ್ಯದಲ್ಲಿ ಲಿಂಗ ಊಹಿಸುತ್ತೇವೆ. ಸಂಸ್ಕೃತ ಓದಿದವರು ಇನ್ನೂ ಹೆಚ್ಚು ಎಡವುತ್ತಾರೆ. ಅಲ್ಲಿ ಆತ್ಮ, ಅಗ್ನಿ, ವಿಜಯ, ಮೃತ್ಯು ಪುಲ್ಲಿಂಗ, ಹಿಂದಿಯಲ್ಲಿ ನಾಲ್ಕೂ ಸ್ತ್ರೀಲಿಂಗ. ಅಲ್ಲಿ ದೇವತಾ ಸ್ತ್ರೀಲಿಂಗ, ಹಿಂದಿಯಲ್ಲಿ ಪುಲ್ಲಿಂಗ. ಸಂಸ್ಕೃತದ ನಪುಂಸಕಗಳು ಹೆಚ್ಚಾಗಿ ಹಿಂದಿಯಲ್ಲಿ ಪುಲ್ಲಿಂಗವಾದವು. ಫಲ್, ನಗರ್, ಜಲ್ ಹಾಗೇ ಬಂದವು. ಆದರೆ ಪುಸ್ತಕ್, ವಸ್ತು, ಆಯು ಸ್ತ್ರೀಲಿಂಗಕ್ಕೆ ಹೋದವು. ಇದಕ್ಕೆಲ್ಲ ಒಂದು ಸೂತ್ರ ಹುಡುಕಬೇಡಿ.

ಪಟ್ಟಿಯಲ್ಲಿ ಶಬ್ದದ ಮುಂದೆ "ಪು", "ಸ್ತ್ರೀ" ಅಂತ ಬರೆಸಿದರೆ ವಾಕ್ಯ ಕಟ್ಟುವಾಗ ನೆನಪಿಗೆ ಬರೋದಿಲ್ಲ. ಒಂದು ವಿಶೇಷಣ ಸೇರಿಸಿಯೇ ಬರೆಸಿ. ಠಂಡಾ ಪಾನೀ, ಮೇರೀ ಪುಸ್ತಕ್, ತಾಜೀ ಹವಾ, ಕಡವೀ ದವಾ. "ಕಡವೀ" ಬಾಯಿಗೆ ಬಂದ ಮೇಲೆ "ಮರೀಜ್ ನೇ ಕಡವೀ ದವಾ ಪೀ" ಅಂತ ತಾನಾಗೇ ಬರುತ್ತೆ, "ಪಿಯಾ" ಅನ್ನೋಕೆ ಕಿವಿ ಒಪ್ಪೋದಿಲ್ಲ. ಅಭ್ಯಾಸದ ವಾಕ್ಯದಲ್ಲೂ ವಿಶೇಷಣದ ಜಾಗ ಖಾಲಿ ಬಿಟ್ಟು ಎರಡೂ ತುಂಬಿಸಿ. ವಿಶೇಷಣ ಸರಿ, ಕ್ರಿಯಾಪದ ತಪ್ಪು ಅಂದರೆ ಮಗುವಿಗೆ ಲಿಂಗ ಗೊತ್ತಿದೆ, ನೇ ನಿಯಮ ಗೊತ್ತಿಲ್ಲ. ಎರಡೂ ತಪ್ಪು ಆದರೆ ಲಿಂಗವೇ ಗೊತ್ತಿಲ್ಲ.

ಪುಣೆ ಕನ್ನಡಿಗ
ದಹೀ ಯಾವುದು? ನಿಘಂಟಿನಲ್ಲಿ ಪುಲ್ಲಿಂಗ, ಇಲ್ಲಿ ಜನ "ದಹೀ ಖಟ್ಟೀ ಹೈ" ಅಂತಲೂ ಅಂತಾರೆ. ಟಿಕೆಟ್ ಕೂಡ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಕರಾವಳಿ ಕಾಗುಣಿತ
ಬರವಣಿಗೆಗೆ ದಹೀ ಪುಲ್ಲಿಂಗ ಅಂತಲೇ ಇಟ್ಟುಕೊಳ್ಳಿ, ಮಾತಿನಲ್ಲಿ ಎರಡೂ ಕೇಳಿಸುತ್ತೆ. ಟಿಕೆಟ್, ಪೆನ್ ಥರದ ಶಬ್ದಗಳನ್ನ ಪರೀಕ್ಷೆಯ ವಾಕ್ಯದಲ್ಲಿ ಹಾಕದಿರೋದೇ ಒಳ್ಳೆಯದು. ಬಸ್, ಕಾರ್, ಸಾಯಿಕಿಲ್ ಸ್ತ್ರೀಲಿಂಗ ಅನ್ನೋದರಲ್ಲಿ ಗೊಂದಲ ಇಲ್ಲ, ಅವನ್ನ ಬಳಸಿ.

ಮೂರನೇ ಭಾಷೆ
ಕರನಾ ಸೇರುವ ಪದಗಳಲ್ಲೂ ಇದೇನಾ? "ಉಸನೇ ಮೇರೀ ಮದದ್ ಕಿಯಾ" ಅಂತ ತುಂಬ ಕೇಳಿದ್ದೀನಿ.

ಹಿಂದಿ ಮೇಷ್ಟ್ರು
ಬರವಣಿಗೆಯಲ್ಲಿ "ಮದದ್ ಕೀ". ಮದದ್ ಸ್ತ್ರೀಲಿಂಗ, ಮುಂದೆ ಮೇರೀ ಇರೋದೇ ಸಾಕ್ಷಿ. ಕೋಶಿಶ್ ಕೀ, ಪ್ರತೀಕ್ಷಾ ಕೀ. ಆದರೆ ಇಂತಜಾರ್ ಪುಲ್ಲಿಂಗ, ಹಾಗಾಗಿ ಇಂತಜಾರ್ ಕಿಯಾ. ಪ್ರತೀಕ್ಷಾ, ಇಂತಜಾರ್ ಎರಡರ ಅರ್ಥವೂ ಕಾಯುವುದೇ, ಲಿಂಗ ಮಾತ್ರ ಬೇರೆ. ಈ ಜೋಡಿಯನ್ನ ಅಭ್ಯಾಸದಲ್ಲಿ ಅಕ್ಕಪಕ್ಕ ಕೊಡಿ. ಭವಿಷ್ಯತ್ತಿಗೆ ಬಂದರೆ ವ್ಯತ್ಯಾಸ ಮಾಯ: ವಹ್ ಪ್ರತೀಕ್ಷಾ ಕರೇಗಾ, ವಹ್ ಇಂತಜಾರ್ ಕರೇಗಾ.

ಪುಣೆ ಕನ್ನಡಿಗ
ಹಾಗಾದರೆ ಭವಿಷ್ಯತ್ತಿನಲ್ಲಿ ಕರ್ತೃ ಮಾತ್ರ, ಕರ್ಮದ ಲಿಂಗ ಬೇಕಾಗೋದೇ ಇಲ್ಲ ಅಂತಾಯ್ತು. ನನ್ನ ಎರಡನೇ ಸಾಲು ಪೂರ್ತಿ ನಿಂತಿತು.

ಕರಾವಳಿ ಕಾಗುಣಿತ
"ರಾಮ್ ಕೋ ದವಾ ಪೀನೀ ಪಡೇಗೀ." ಇದು ಭವಿಷ್ಯತ್ ಕಾಲ, ರಾಮ ಪುಲ್ಲಿಂಗ, ಕ್ರಿಯಾಪದ ಮಾತ್ರ ದವಾ ಜೊತೆ ಹೋಗಿದೆ. ಕರ್ತೃವಿಗೆ ಕೋ ಅಂಟಿದ ಮೇಲೆ ಅದು ಕೈಗೆ ಸಿಗೋದಿಲ್ಲ. ನೇ ಆದರೂ ಅಷ್ಟೇ, ಕೋ ಆದರೂ ಅಷ್ಟೇ. "ಮುಝೇ ದೂಧ್ ಪೀನಾ ಪಡೇಗಾ", "ಮುಝೇ ಚಾಯ್ ಪೀನೀ ಪಡೇಗೀ". ಹೇಳುವವರು ಹೆಣ್ಣಾದರೂ ಗಂಡಾದರೂ ಬದಲಾಗದು.

ಪುಣೆ ಕನ್ನಡಿಗ
ಇದನ್ನ ಒಪ್ಪೋದು ಕಷ್ಟ. "ರೋಟೀ ಖಾನಾ ಪಡೇಗಾ" ಅನ್ನೋರನ್ನ ದಿನಾ ಕೇಳ್ತೀನಿ, ಹಿಂದಿ ಮನೆಮಾತಾಗಿರೋರೇ ಹೇಳ್ತಾರೆ.

ಹಿಂದಿ ಮೇಷ್ಟ್ರು
ಕೆಲವು ಕಡೆ ಆಡುಮಾತಿನಲ್ಲಿ ಖಾನಾ ಅಂತ ಬದಲಿಸದೇ ಹೇಳೋದು ಇದೆ, ಅದನ್ನ ಅವರ ಮುಂದೆ ತಿದ್ದೋಕೆ ಹೋಗಬೇಡಿ. ಪಠ್ಯಪುಸ್ತಕದ ಹಿಂದಿಯಲ್ಲಿ ಖಾನೀ ಪಡೇಗೀ ಬರೆಯೋದು ಕ್ಷೇಮ. ಎಂಟನೇ ತರಗತಿಗೆ ಇದು ಈಗಲೇ ಬೇಕಾ ಅನ್ನೋದು ಬೇರೆ ಪ್ರಶ್ನೆ. ನಾನಾದರೆ ನೇ ಪಾಠ ಗಟ್ಟಿಯಾದ ಮೇಲೆ ಕೊಡುತ್ತೇನೆ.

ಕರಾವಳಿ ಕಾಗುಣಿತ
ನಾನು ಎರಡನ್ನೂ ಒಟ್ಟಿಗೇ ಕೊಡುತ್ತೇನೆ. "ಯಾವ ಪದಕ್ಕೆ ಬಾಲ ಅಂಟಿಲ್ಲವೋ ಅದನ್ನ ಅನುಸರಿಸು" ಅನ್ನೋ ಒಂದೇ ಮಾತಿನಲ್ಲಿ ನೇ, ಕೋ, ಭೂತ, ಭವಿಷ್ಯ ಎಲ್ಲ ಬರುತ್ತೆ. ಬಾಲ ಇಲ್ಲದ್ದು ಎರಡಿದ್ದರೆ ಕರ್ತೃ, ಒಂದೂ ಇಲ್ಲದಿದ್ದರೆ "ಆ".

ಮಲೆನಾಡು ಟ್ಯೂಷನ್
ಇಬ್ಬರ ಮಾತೂ ಇಟ್ಟುಕೊಂಡು ಒಂದು ಹಾಳೆ ಮಾಡಿದ್ದೇನೆ. ಭವಿಷ್ಯತ್ತಿಗೆ ಬದಲಿಸುವುದು. ನೋಡಿ ಹೇಳಿ.

1. ಮಾಂ ನೇ ಠಂಡಾ ದೂಧ್ ಪಿಯಾ → ಮಾಂ ಠಂಡಾ ದೂಧ್ ಪಿಯೇಗೀ
2. ಭಾಈ ನೇ ನಯೀ ಸಾಯಿಕಿಲ್ ಖರೀದೀ → ಭಾಈ ನಯೀ ಸಾಯಿಕಿಲ್ ಖರೀದೇಗಾ
3. ಬೇಟೇ ನೇ ಖಿಡಕಿಯಾಂ ಖೋಲೀ → ಬೇಟಾ ಖಿಡಕಿಯಾಂ ಖೋಲೇಗಾ
4. ಬಹನ್ ಮೀಠಾ ಆಮ್ ಲಾಯೀ → ಬಹನ್ ಮೀಠಾ ಆಮ್ ಲಾಯೇಗೀ
5. ಶಿಕ್ಷಕ್ ನೇ ಲಡಕಿಯೋಂ ಕೋ ಬುಲಾಯಾ → ಶಿಕ್ಷಕ್ ಲಡಕಿಯೋಂ ಕೋ ಬುಲಾಯೇಗಾ
6. ದಾದೀಜೀ ನೇ ಅಖಬಾರ್ ಪಢಾ → ದಾದೀಜೀ ಅಖಬಾರ್ ಪಢೇಂಗೀ

ಹಿಂದಿ ಮೇಷ್ಟ್ರು
ಚೆನ್ನಾಗಿದೆ. ಎರಡು ಕಡೆ ಕೈ ಹಾಕಬೇಕು. ಮೂರನೆಯದರಲ್ಲಿ ಖಿಡಕಿಯಾಂ ಬಹುವಚನ, ಹಾಗಾಗಿ "ಖೋಲೀಂ", ಕೊನೆಗೆ ಅನುನಾಸಿಕ ಬೇಕು. ಥೀ ಸೇರಿಸಿದರೆ ಅನುನಾಸಿಕ ಅದರ ಮೇಲೆ ಮಾತ್ರ: ಖೋಲೀ ಥೀಂ. ಎರಡರ ಮೇಲೂ ಇಡೋದು ಸಾಮಾನ್ಯ ತಪ್ಪು.

ಐದನೆಯದರಲ್ಲಿ ಉತ್ತರ ತಪ್ಪಿಲ್ಲ, ಆದರೆ ವಾಕ್ಯ ಪರೀಕ್ಷೆ ಮಾಡೋದಿಲ್ಲ. ಶಿಕ್ಷಕ್ ಪುಲ್ಲಿಂಗ ಆಗಿರೋದರಿಂದ ಕೋ ನಿಯಮ ಗೊತ್ತಿಲ್ಲದೆ ಕರ್ತೃವಿಗೆ ಹೊಂದಿಸಿದವನಿಗೂ ಬುಲಾಯಾ ಸಿಕ್ಕಿಬಿಡುತ್ತೆ. ಭವಿಷ್ಯತ್ತಿನ ವಾಕ್ಯ ಕೊಟ್ಟು ಭೂತಕ್ಕೆ ತರಿಸಿ, ಕರ್ತೃವನ್ನೂ ಬದಲಿಸಿ: "ಶಿಕ್ಷಿಕಾ ಲಡಕಿಯೋಂ ಕೋ ಬುಲಾಯೇಗೀ". ಇದಕ್ಕೆ "ಶಿಕ್ಷಿಕಾ ನೇ ಲಡಕಿಯೋಂ ಕೋ ಬುಲಾಯಾ" ಅಂತ ಬರೆದವರಿಗೆ ಪಾಠ ಹತ್ತಿದೆ. "ಬುಲಾಯೀ" ಬರೆದರೆ ನೇ ಲೆಕ್ಕಕ್ಕೆ ತಗೊಳ್ಳದೆ ಶಿಕ್ಷಿಕಾಗೇ ಹೊಂದಿಸಿದ್ದಾರೆ, "ಬುಲಾಯೀಂ" ಬರೆದರೆ ಕೋ ಇದ್ದರೂ ಲಡಕಿಯೋಂ ಹಿಂದೆ ಹೋಗಿದ್ದಾರೆ.

ಅಮ್ಮನ ನೋಟ್ಸ್
ಉತ್ತರಪಟ್ಟಿಯಲ್ಲಿ ಮೈಂ ಇರುವ ವಾಕ್ಯಕ್ಕೆ ಎರಡೂ ರೂಪ ಬರೆದಿಡಿ ಸರ್, ದಯವಿಟ್ಟು.

ಮಲೆನಾಡು ಟ್ಯೂಷನ್
ಬರೀತೀನಿ ಮೇಡಂ. ಮೇಷ್ಟ್ರೇ, ಸಮಝನಾ ಯಾವ ಗುಂಪಿಗೆ ಹಾಕಲಿ? "ಮೈಂ ಸಮಝಾ", "ಮೈಂನೇ ಸಮಝಾ" ಎರಡೂ ಕಾಣಿಸುತ್ತಿವೆ.

ಹಿಂದಿ ಮೇಷ್ಟ್ರು
ಎರಡೂ ಚಾಲ್ತಿಯಲ್ಲಿವೆ. ಈ ಹಾಳೆಗೆ ಅದನ್ನ ಸೇರಿಸಬೇಡಿ.